ಹೊಳೆಗೆ ಸೈನ್, ಮಳೆಗೆ ಟ್ಯಾನ್ ಯಾಕೆ?

ಕಾಸರಗೋಡಿನಲ್ಲಿ ಮಳೆಗಾಲ ಜೋರಾಗುವುದೂ ಪ್ಲಸ್ ವನ್ ಕ್ಲಾಸು ಶುರುವಾಗುವುದೂ ಹೆಚ್ಚುಕಮ್ಮಿ ಒಟ್ಟೊಟ್ಟಿಗೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ವಿಜ್ಞಾನ ವಿಭಾಗಕ್ಕೆ ಸೇರಿದ ಮಕ್ಕಳಿಗೆ ಫಿಸಿಕ್ಸಿನಲ್ಲಿ ಬೇಗನೇ ಎರಡು ಲೆಕ್ಕ ಎದುರಾಗುತ್ತವೆ. ಹರಿಯುವ ಹೊಳೆಯನ್ನು ದಾಟುವ ದೋಣಿಯದ್ದು ಒಂದು. ಓಡುವ ವಾಹನದಲ್ಲಿ ಕೂತವರಿಗೆ ಮಳೆ ಹೇಗೆ ಕಾಣುತ್ತದೆ ಅನ್ನುವುದು ಇನ್ನೊಂದು. ಎರಡನ್ನೂ ನಾವು ದಿನಾ ನೋಡಿದವರೇ. ಆದರೂ ಪುಸ್ತಕದಲ್ಲಿ ಬಂದಾಗ ಗೊಂದಲ.

ಮಕ್ಕಳ ದೂರು ಸಾಮಾನ್ಯವಾಗಿ ಹೀಗಿರುತ್ತದೆ: "ದೋಣಿಯ ಲೆಕ್ಕದಲ್ಲಿ ಸೈನ್ ಹಾಕ್ತಾರೆ, ಮಳೆಯ ಲೆಕ್ಕದಲ್ಲಿ ಟ್ಯಾನ್ ಹಾಕ್ತಾರೆ. ಯಾವಾಗ ಯಾವುದು ಅಂತ ಗೊತ್ತಾಗೋದೇ ಇಲ್ಲ." ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಎರಡೂ ಲೆಕ್ಕ ಒಂದೇ ಅಂತ ತಿಳಿಯುತ್ತದೆ. ಹಾಗಾಗಿ ಈ ಲೇಖನದ ಉದ್ದಕ್ಕೂ ಅದೇ ಪ್ರಶ್ನೆಯ ಬೆನ್ನು ಹಿಡಿಯುತ್ತೇನೆ.

## ಯಾರ ವೇಗ? ಯಾವುದರಿಂದ ನೋಡಿದಾಗ?

ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ರೈಲು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 20 ಮೀಟರ್. ನೀವು ಬೋಗಿಯೊಳಗೆ ಎಂಜಿನ್ ಕಡೆಗೆ ಸೆಕೆಂಡಿಗೆ 1 ಮೀಟರಿನಂತೆ ನಡೆಯುತ್ತಿದ್ದೀರಿ. ಸೀಟಿನಲ್ಲಿ ಕೂತವರನ್ನು ಕೇಳಿದರೆ ನಿಮ್ಮ ವೇಗ 1. ಕುಂಬಳೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತವರನ್ನು ಕೇಳಿದರೆ 21. ಇಬ್ಬರೂ ಹೇಳಿದ್ದು ಸರಿ. ಯಾರದ್ದು ನಿಜವಾದ ವೇಗ ಎಂದು ಜಗಳ ಮಾಡುವ ಹಾಗಿಲ್ಲ. ಯಾಕೆಂದರೆ ವೇಗಕ್ಕೆ ಯಾವಾಗಲೂ ಎರಡು ಹೆಸರು ಬೇಕು: ಓಡುವುದು ಯಾರು, ಅದನ್ನು ನೋಡುವುದು ಯಾವುದರಿಂದ.

ಹೀಗೆ ಒಂದು ವಸ್ತುವಿಗೆ ಹೋಲಿಸಿ ಇನ್ನೊಂದರ ವೇಗ ಹೇಳಿದರೆ ಅದಕ್ಕೆ ಸಾಪೇಕ್ಷ ವೇಗ ಎನ್ನುತ್ತಾರೆ. ಸುಮ್ನೆ "ದೋಣಿಯ ವೇಗ 1.5" ಎಂದು ಬರೆದಲ್ಲಿಂದಲೇ ತಪ್ಪು ಶುರುವಾಗುತ್ತದೆ. ಅದಕ್ಕೇ ಲೆಕ್ಕ ಕೈಗೆತ್ತಿಕೊಂಡ ಕೂಡಲೇ ಪ್ರತಿ ವೇಗದ ಪಕ್ಕದಲ್ಲಿ ಎರಡು ಹೆಸರು ಬರೆಯಿರಿ. ಮೇಲಿನ ಉದಾಹರಣೆ ಹೀಗಾಗುತ್ತದೆ:

ನಾನು–ರೈಲು: 1
ರೈಲು–ನೆಲ: 20
ನಾನು–ನೆಲ: 21

ಮೊದಲ ಎರಡನ್ನು ಕೂಡಿಸಿದಾಗ ನಡುವಿನ "ರೈಲು" ಮಾಯವಾಗಿ "ನಾನು–ನೆಲ" ಉಳಿಯಿತು, ನೋಡಿದಿರಾ? ಇಡೀ ವಿಷಯದಲ್ಲಿ ಇರುವ ನಿಯಮ ಇದೊಂದೇ. ಹೆಸರುಗಳನ್ನು ತಿರುಗಿಸಿ ಬರೆದರೆ ದಿಕ್ಕು ಉಲ್ಟಾ ಆಗುತ್ತದೆ. ರೈಲು–ನೆಲ ಉತ್ತರಕ್ಕೆ 20 ಆದರೆ, ನೆಲ–ರೈಲು ದಕ್ಷಿಣಕ್ಕೆ 20. ಕಿಟಕಿಯ ಪಕ್ಕ ಕೂತವರಿಗೆ ತೆಂಗಿನ ಮರಗಳು ಹಿಂದಕ್ಕೆ ಓಡುವುದು ಇದೇ ಲೆಕ್ಕದಲ್ಲಿ. ಈ ಉಲ್ಟಾ ಮಾಡುವುದು ಮಳೆಯ ಲೆಕ್ಕಕ್ಕೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ರೈಲಿನಲ್ಲಿ ಎರಡೂ ವೇಗ ಒಂದೇ ಗೆರೆಯಲ್ಲಿ ಇದ್ದವು. ಹಾಗಾಗಿ 1 ಮತ್ತು 20 ಸೇರಿ 21 ಆಯಿತು. ಹೊಳೆಯಲ್ಲಿ ಒಂದು ವೇಗ ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ. ಆಗ ಬಾಣದ ಗುರುತು ಬರೆದು ಕೂಡಿಸಬೇಕು. ಮೊದಲ ಬಾಣ ಮುಗಿದಲ್ಲಿಂದ ಎರಡನೆಯದನ್ನು ಶುರು ಮಾಡುವುದು. ಮೊದಲನೆಯದರ ಬುಡದಿಂದ ಎರಡನೆಯದರ ತುದಿಗೆ ಎಳೆದ ಗೆರೆಯೇ ಉತ್ತರ. ಮೂರು ಗೆರೆ ಸೇರಿ ಒಂದು ತ್ರಿಭುಜ. ಈ ತ್ರಿಭುಜದಲ್ಲಿ ಯಾರು ಎಲ್ಲಿ ಕೂತಿದ್ದಾರೆ ಅನ್ನುವುದರ ಮೇಲೆ ಸೈನೋ ಟ್ಯಾನೋ ತೀರ್ಮಾನವಾಗುತ್ತದೆ.

## ದೋಣಿಗೆ ಗೊತ್ತಿರುವುದು ನೀರು ಮಾತ್ರ

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಪಯಸ್ವಿನಿ ಎಂಬ ಹೆಸರಿನಲ್ಲಿ ಸುಳ್ಯದ ಕಡೆಯಿಂದ ಇಳಿದು, ಕಾಸರಗೋಡು ಪೇಟೆಯ ಹತ್ತಿರ ಕಡಲು ಸೇರುವ ಚಂದ್ರಗಿರಿ ಹೊಳೆಯನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ. ಕಡವಿನಿಂದ ಒಂದು ದೋಣಿ ಆಚೆ ದಡಕ್ಕೆ ಹೊರಟಿದೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ನಾನೇ ಆರಿಸಿದ್ದೇನೆ. ಹೊಳೆಯ ಅಗಲ 180 ಮೀಟರ್. ನಿಂತ ನೀರಿನಲ್ಲಿ ದೋಣಿ ಸೆಕೆಂಡಿಗೆ 1.5 ಮೀಟರ್ ಹೋಗುತ್ತದೆ. ನೀರು ಸೆಕೆಂಡಿಗೆ 0.9 ಮೀಟರಿನಂತೆ ಕಡಲಿನ ಕಡೆಗೆ ಹರಿಯುತ್ತಿದೆ.

"ನಿಂತ ನೀರಿನಲ್ಲಿ 1.5" ಎಂಬ ಮಾತಿಗೆ ಎರಡು ಹೆಸರು ಕೊಟ್ಟರೆ ಅದು ದೋಣಿ–ನೀರು. ನೀರು ನಿಂತಿರಲಿ, ಹರಿಯಲಿ, ಇದು ಬದಲಾಗುವುದಿಲ್ಲ. ಯಾಕೆಂದರೆ ಹುಟ್ಟು ತಳ್ಳುವುದು ನೀರನ್ನು, ದಡವನ್ನಲ್ಲ. ದೋಣಿಗೆ ಸುತ್ತಲಿನ ನೀರು ಬಿಟ್ಟು ಬೇರೇನೂ ಗೊತ್ತಿಲ್ಲ.

ನೆಲದ ಮೇಲೆ ಒಂದು ಚಾಪೆ ಹಾಸಿದೆ ಅಂದುಕೊಳ್ಳಿ. ಒಂದು ಇರುವೆ ಚಾಪೆಯ ಈ ಅಂಚಿನಿಂದ ಆ ಅಂಚಿಗೆ ಅಡ್ಡ ದಾಟುತ್ತಿದೆ. ಅಷ್ಟರಲ್ಲಿ ಯಾರೋ ಚಾಪೆಯನ್ನು ಉದ್ದಕ್ಕೆ ಮೆಲ್ಲಗೆ ಎಳೆಯುತ್ತಾರೆ. ಇರುವೆ ಆಚೆ ಅಂಚು ಮುಟ್ಟಲು ಹಿಡಿಯುವ ಸಮಯ ಬದಲಾಗುತ್ತದಾ? ಇಲ್ಲ. ಅದು ನಡೆಯಬೇಕಾದದ್ದು ಚಾಪೆಯ ಅಗಲವನ್ನು ಮಾತ್ರ. ಚಾಪೆ ನಿಂತಿದ್ದರೂ ಎಳೆದರೂ ಆ ಅಗಲ ಅಷ್ಟೇ. ಬದಲಾಗುವುದು, ದಾಟಿ ಮುಗಿದಾಗ ಅದು ನೆಲದ ಯಾವ ಟೈಲ್ಸಿನ ಪಕ್ಕದಲ್ಲಿ ಇರುತ್ತದೆ ಅನ್ನುವುದು. ಹೊಳೆ ಇದೇ ಚಾಪೆ.

## ನೇರ ಆಚೆ ದಡಕ್ಕೆ ಮುಖ ಮಾಡಿ ಹೊರಟರೆ

ದೋಣಿಯ ಮೂತಿ ನೇರವಾಗಿ ಆಚೆ ದಡದ ಕಡೆಗೆ. ಅಗಲ 180, ಅಡ್ಡ ವೇಗ 1.5. ಹಾಗಾಗಿ 180 ಭಾಗಿಸು 1.5, ಅಂದರೆ 120 ಸೆಕೆಂಡಿನಲ್ಲಿ ದೋಣಿ ಆಚೆ ಮುಟ್ಟುತ್ತದೆ. ಇಲ್ಲಿ ನೀರಿನ 0.9 ಬರಲೇ ಇಲ್ಲ.

ಈ 120 ಸೆಕೆಂಡು ಚಾಪೆ ಸುಮ್ಮನೆ ಕೂತಿರಲಿಲ್ಲವಲ್ಲ. ಸೆಕೆಂಡಿಗೆ 0.9 ಮೀಟರಿನಂತೆ ದೋಣಿಯನ್ನು 108 ಮೀಟರ್ ಕೆಳಕ್ಕೆ ಒಯ್ದಿರುತ್ತದೆ. ಎದುರಿನ ಕಡವಿಗೆ ಹೊರಟವರು 108 ಮೀಟರ್ ಕೆಳಗೆ ಇಳಿಯುತ್ತಾರೆ.

ದಡದಲ್ಲಿ ನಿಂತು ನೋಡುವವರಿಗೆ ದೋಣಿ ಓರೆಯಾಗಿ ಹೋದಂತೆ ಕಾಣುತ್ತದೆ. ಅವರಿಗೆ ಕಾಣುವ ವೇಗ ದೋಣಿ–ನೆಲ. 1.5 ಮತ್ತು 0.9 ಲಂಬಕೋನದ ಎರಡು ಬದಿಗಳು, ಅವುಗಳ ವಿಕರ್ಣ ಸುಮಾರು 1.75. ಓರೆದಾರಿಯ ಉದ್ದ ಸುಮಾರು 210 ಮೀಟರ್. ಇಲ್ಲೇ ಮಕ್ಕಳು ಎಡವುವುದು. ಓರೆದಾರಿ 210 ಮೀಟರ್ ಎಂದು ಕಂಡುಹಿಡಿಯುತ್ತಾರೆ, ಅದನ್ನು 1.5ರಿಂದ ಭಾಗಿಸುತ್ತಾರೆ, 140 ಸೆಕೆಂಡು ಎಂದು ಬರೆಯುತ್ತಾರೆ. 210 ಮೀಟರ್ ನೆಲದಲ್ಲಿ ಅಳೆದ ದಾರಿ. 1.5 ನೀರಿನಲ್ಲಿ ಅಳೆದ ವೇಗ. ಎರಡನ್ನೂ ಬೆರೆಸುವ ಹಾಗಿಲ್ಲ. 210ನ್ನು 1.75ರಿಂದ ಭಾಗಿಸಿ ನೋಡಿ, ಮತ್ತೆ 120 ಸೆಕೆಂಡೇ ಬರುತ್ತದೆ. ಹೆಸರುಗಳನ್ನು ಬರೆದಿಟ್ಟಿದ್ದರೆ ಈ ತಪ್ಪು ಆಗುವ ಜಾಗವೇ ಇಲ್ಲ.

ದಾರಿ ಎಷ್ಟು ಓರೆಯಾಯಿತು? ಗೊತ್ತಿರುವ ಎರಡೂ ವೇಗಗಳು ಲಂಬಕೋನದ ಬದಿಗಳು. ಹಾಗಾಗಿ 0.9 ಭಾಗಿಸು 1.5, ಅಂದರೆ 0.6. ಇದು ಟ್ಯಾನ್. ಕೋನ 31 ಡಿಗ್ರಿ. ದೋಣಿಯ ಲೆಕ್ಕದಲ್ಲೂ ಟ್ಯಾನ್ ಬಂತಲ್ಲ! "ಹೊಳೆ ಅಂದರೆ ಸೈನ್" ಎಂದು ಬಾಯಿಪಾಠ ಮಾಡಿದವರಿಗೆ ಇಲ್ಲೇ ಕೈಕೊಡುತ್ತದೆ.

## ಎದುರಿನ ಕಡವಿಗೇ ಮುಟ್ಟಬೇಕಾದರೆ

ಈಗ 108 ಮೀಟರ್ ಕೆಳಗೆ ಇಳಿಯುವುದು ಬೇಡ, ಸರಿಯಾಗಿ ಎದುರಿಗೇ ಮುಟ್ಟಬೇಕು. ಹಾಗಾದರೆ ದೋಣಿಯ ಮೂತಿಯನ್ನು ಸ್ವಲ್ಪ ಮೇಲ್ಹೊಳೆಯ ಕಡೆಗೆ ತಿರುಗಿಸಬೇಕು. ಎಷ್ಟು ತಿರುಗಿಸಬೇಕು ಅಂದರೆ, ದೋಣಿಯ 1.5ರಲ್ಲಿ ಒಂದು ಪಾಲು ನೀರಿನ 0.9ಕ್ಕೆ ಸರಿಯಾಗಿ ಎದುರು ನಿಲ್ಲುವಷ್ಟು. ಉಳಿದ ಪಾಲು ದಾಟುವುದಕ್ಕೆ.

ತ್ರಿಭುಜವನ್ನು ಬರೆಯಿರಿ. ಈ ಸಲ ದೋಣಿ–ನೆಲ ಅನ್ನುವುದು ನೇರ ಅಡ್ಡ ಇರಬೇಕು, ಅದು ನಮ್ಮ ಹಠ. ನೀರು–ನೆಲ ಉದ್ದಕ್ಕೆ ಇದ್ದೇ ಇದೆ. ಇವೆರಡರ ನಡುವೆ ಲಂಬಕೋನ. ಹಾಗಾದರೆ ಮೂರನೆಯದು, ದೋಣಿ–ನೀರಿನ 1.5, ಎಲ್ಲಿ ಹೋಗಿ ಕೂತಿತು? ವಿಕರ್ಣದಲ್ಲಿ.

ಇದೇ ಆ ಪ್ರಶ್ನೆಯ ಉತ್ತರ. ಹಿಂದಿನ ಲೆಕ್ಕದಲ್ಲಿ 1.5 ಲಂಬಕೋನದ ಬದಿ ಆಗಿತ್ತು, ವಿಕರ್ಣ ಏನೆಂದು ನಮಗೆ ಗೊತ್ತಿರಲಿಲ್ಲ. ಈಗ ಅದೇ 1.5 ವಿಕರ್ಣ ಆಗಿದೆ. ಎದುರಿನ ಬದಿಯನ್ನು ವಿಕರ್ಣದಿಂದ ಭಾಗಿಸಿದರೆ ಸಿಗುವುದು ಸೈನ್.

sin θ = 0.9 / 1.5 = 0.6

ಕೋನ ಸುಮಾರು 37 ಡಿಗ್ರಿ. ನೇರ ಅಡ್ಡಗೆರೆಯಿಂದ ಮೇಲ್ಹೊಳೆಯ ಕಡೆಗೆ 37 ಡಿಗ್ರಿ ತಿರುಗಿಸಿ ಹುಟ್ಟು ಹಾಕಬೇಕು. ದಾಟಲು ಉಳಿದ ವೇಗವನ್ನು ಪೈಥಾಗೊರಸ್ ಪ್ರಮೇಯದಿಂದ ತೆಗೆದರೆ 1.2 ಬರುತ್ತದೆ. 180 ಭಾಗಿಸು 1.2, ಅಂದರೆ 150 ಸೆಕೆಂಡು. ಅರ್ಧ ನಿಮಿಷ ಜಾಸ್ತಿ ಆಯಿತು. ದೋಣಿಯ ಬಲದ ಒಂದು ಪಾಲು ನೀರಿನ ಜೊತೆ ಸೆಣಸಲು ಹೋದದ್ದರಿಂದ ಈ ಅರ್ಧ ನಿಮಿಷ.

ಒಂದು ಮಾತು. ಎರಡೂ ಕಡೆ ಅನುಪಾತ ಅದೇ 0.6. ಟ್ಯಾನ್ ಎಂದು ಓದಿದರೆ 31 ಡಿಗ್ರಿ, ಸೈನ್ ಎಂದು ಓದಿದರೆ 37. ಯಾರಾದರೂ ಇಲ್ಲಿ ತಪ್ಪಿ ಟ್ಯಾನ್ ಹಾಕಿ, 31 ಡಿಗ್ರಿ ಮೇಲಕ್ಕೆ ತಿರುಗಿಸಿ ಹೊರಟರು ಎಂದಿಟ್ಟುಕೊಳ್ಳಿ. ಏನಾಗುತ್ತದೆ? ನೀರಿಗೆ ಎದುರಾಗಿ ಅವರಿಗೆ ಸಿಗುವುದು 1.5ರ ಸೈನ್ 31 ಪಾಲು, ಸುಮಾರು 0.77. ನೀರು ಎಳೆಯುವುದು 0.9. ಪ್ರತಿ ಸೆಕೆಂಡಿಗೂ 0.13 ಮೀಟರ್ ಕಡಿಮೆ ಬಿತ್ತು. ದಾಟಲು ಸಿಗುವ ವೇಗ ಸುಮಾರು 1.29, ಸಮಯ 140 ಸೆಕೆಂಡು. ಆಚೆ ಮುಟ್ಟುವಾಗ ಕಡವಿನಿಂದ 18 ಮೀಟರ್ ಕೆಳಗೆ. ಉತ್ತರ ಸರಿಯಾಗಿದೆಯಾ ಎಂದು ನೋಡುವ ಉಪಾಯ ಇದು. ಬಂದ ಕೋನವನ್ನು ಇಟ್ಟುಕೊಂಡು ಉದ್ದಕ್ಕೆ ಇರುವ ವೇಗಗಳನ್ನು ಕೂಡಿಸಿ. ಸೊನ್ನೆ ಬರದಿದ್ದರೆ ಎಲ್ಲೋ ತಪ್ಪಿದೆ.

ಇನ್ನು, ಬೇಗ ತಲುಪುವುದು ಯಾವುದು ಅನ್ನುವ ಪ್ರಶ್ನೆಗೆ ಸ್ವಲ್ಪ ಎಚ್ಚರದಿಂದ ಉತ್ತರ ಹೇಳಬೇಕು. ಆಚೆ ದಡ ಮುಟ್ಟಿದರೆ ಸಾಕು ಅಂದರೆ ನೇರ ಮುಖ ಮಾಡುವುದೇ ಬೇಗ, 120 ಸೆಕೆಂಡು. ಅದಕ್ಕಿಂತ ಬೇಗ ಯಾವ ಕೋನದಲ್ಲಿ ಹೋದರೂ ಆಗದು, ಯಾಕೆಂದರೆ ದೋಣಿಯ ಪೂರಾ 1.5 ದಾಟುವುದಕ್ಕೇ ಖರ್ಚಾಗುವುದು ಆ ಒಂದು ಕೋನದಲ್ಲಿ ಮಾತ್ರ. ಆದರೆ ಹೋಗಬೇಕಾದ್ದು ಎದುರಿನ ಕಡವಿಗೆ ಅಂತಾದರೆ, 108 ಮೀಟರ್ ಕೆಳಗೆ ಇಳಿದವರು ದಡದಲ್ಲಿ ವಾಪಸ್ ನಡೆಯಬೇಕು. ಸೆಕೆಂಡಿಗೆ 1.2 ಮೀಟರಿನಂತೆ ನಡೆದರೂ 90 ಸೆಕೆಂಡು. ಒಟ್ಟು 210. ಓರೆ ಮುಖ ಮಾಡಿ 150 ಸೆಕೆಂಡಿನಲ್ಲಿ ನೇರ ಬಂದವರು ಅಷ್ಟೊತ್ತಿಗೆ ಮೆಟ್ಟಿಲು ಹತ್ತಿ ಹೋಗಿರುತ್ತಾರೆ. ಹಾಗಾಗಿ ಪ್ರಶ್ನೆಯಲ್ಲಿ "ಕಡಿಮೆ ಸಮಯ" ಅಂದಿದೆಯೋ "ಕಡಿಮೆ ದೂರ" ಅಂದಿದೆಯೋ ಎಂದು ಎರಡು ಸಲ ಓದುವುದು ಒಳ್ಳೆಯದು.

## ನೆರೆ ಬಂದಾಗ ಕ್ಯಾಲ್ಕುಲೇಟರ್ ಉತ್ತರ ಕೊಡುವುದಿಲ್ಲ

ಜೋರು ಮಳೆ ಹೊಯ್ದು ನೀರಿನ ವೇಗ ಸೆಕೆಂಡಿಗೆ 2 ಮೀಟರ್ ಆಯಿತು ಎಂದುಕೊಳ್ಳಿ. ದೋಣಿಯದ್ದು ಅದೇ 1.5. ಎದುರಿಗೇ ಮುಟ್ಟಲು ಕೋನ ಹುಡುಕಿದರೆ ಸೈನ್ ಬೆಲೆ 2 ಭಾಗಿಸು 1.5, ಅಂದರೆ 1.33. ಕ್ಯಾಲ್ಕುಲೇಟರ್ ಎರರ್ ತೋರಿಸುತ್ತದೆ. ಸೈನ್ ಯಾವತ್ತೂ 1ನ್ನು ಮೀರುವುದಿಲ್ಲ. ಇದು ಲೆಕ್ಕದ ತಪ್ಪಲ್ಲ, ಹೊಳೆಯೇ "ಆಗುವುದಿಲ್ಲ" ಎಂದು ಹೇಳುತ್ತಿದೆ. ದೋಣಿಯನ್ನು ಪೂರ್ತಿ ನೀರಿನ ಎದುರಿಗೆ ತಿರುಗಿಸಿದರೂ ಅದು ಸೆಕೆಂಡಿಗೆ ಅರ್ಧ ಮೀಟರ್ ಕೆಳಕ್ಕೇ ಹೋಗುತ್ತದೆ. ನೇರ ದಾಟುವುದು ಹೇಗೆ?

ಎದುರಿಗೆ ಮುಟ್ಟಲು ಆಗದಿದ್ದರೂ ಆದಷ್ಟು ಕಡಿಮೆ ಕೆಳಗೆ ಹೋಗುವ ಕೋನ ಒಂದಿದೆ. ಈ ಸಲ ಭಿನ್ನರಾಶಿ ತಿರುಗುತ್ತದೆ. ಸೈನ್ ಬೆಲೆ 1.5 ಭಾಗಿಸು 2, ಅಂದರೆ 0.75, ಕೋನ ಸುಮಾರು 49 ಡಿಗ್ರಿ. ಯಾಕೆ ತಿರುಗಿತು? ತ್ರಿಭುಜದಲ್ಲಿ ಈಗ ದೊಡ್ಡ ಬದಿ ನೀರಿನ 2. ದೋಣಿಯ 1.5ನ್ನು ಯಾವ ಕಡೆಗೆ ತಿರುಗಿಸಿದರೆ ದಾರಿ ಅತಿ ಕಡಿಮೆ ಓರೆಯಾಗುತ್ತದೆ ಎಂದು ಚಿತ್ರದಲ್ಲಿ ನೋಡಿದರೆ, ದೋಣಿಯ ಬಾಣ ಮತ್ತು ದಾರಿಯ ಗೆರೆ ಲಂಬವಾದಾಗ. ಆಗ ವಿಕರ್ಣದ ಜಾಗದಲ್ಲಿ ನೀರಿನ ವೇಗ ಕೂರುತ್ತದೆ. ಹೀಗೆ ಹೋದರೆ ದಾಟಲು ಸುಮಾರು 181 ಸೆಕೆಂಡು, ಕೆಳಗೆ ಹೋಗುವುದು ಸುಮಾರು 159 ಮೀಟರ್. ನೇರ ಮುಖ ಮಾಡಿದ್ದರೆ 120 ಸೆಕೆಂಡಿನಲ್ಲಿ 240 ಮೀಟರ್ ಕೆಳಗೆ.

## ನಿಜವಾದ ಹೊಳೆ ಇಷ್ಟು ಸಪಾಟಾಗಿ ಹರಿಯುವುದಿಲ್ಲ

ಇಲ್ಲಿಯವರೆಗೆ ಹೊಳೆಯ ಈ ದಡದಿಂದ ಆ ದಡದವರೆಗೂ ನೀರು ಒಂದೇ ವೇಗದಲ್ಲಿದೆ ಎಂದುಕೊಂಡೆವು. ನಿಜದಲ್ಲಿ ದಡದ ಹತ್ತಿರ ನೀರು ನಿಧಾನ, ನಡುವೆ ಜೋರು. ನಡುಹೊಳೆಯಲ್ಲಿ 0.9 ಇದ್ದು, ಎರಡೂ ದಡದ ಕಡೆಗೆ ಸೊನ್ನೆಯವರೆಗೆ ಬಿಲ್ಲಿನ ಆಕಾರದಲ್ಲಿ ಇಳಿಯುತ್ತದೆ ಎಂದುಕೊಂಡರೆ, ಇಡೀ ಅಗಲದ ಸರಾಸರಿ 0.9ರ ಮೂರರಲ್ಲಿ ಎರಡು ಪಾಲು, ಅಂದರೆ 0.6. ನೇರ ಮುಖ ಮಾಡಿ ಹೋದ ದೋಣಿ ಆಗ ಕೆಳಗೆ ಹೋಗುವುದು 108 ಮೀಟರ್ ಅಲ್ಲ, 72 ಮೀಟರ್. ಸಮಯ ಮಾತ್ರ ಅದೇ 120 ಸೆಕೆಂಡು. ದಾರಿ ನೇರ ಓರೆಗೆರೆ ಆಗದೆ ನಡುವಿನಲ್ಲಿ ಜಾಸ್ತಿ ಓರೆಯಾದ ಬಾಗುಗೆರೆ ಆಗುತ್ತದೆ.

ಅನುಭವ ಇದ್ದ ದೋಣಿಯವರು ದಡದ ಈ ನಿಧಾನ ನೀರನ್ನು ಚೆನ್ನಾಗಿ ಉಪಯೋಗಿಸುತ್ತಾರೆ. ಮೊದಲು ದಡಕ್ಕೆ ಒತ್ತಿಕೊಂಡೇ ಸ್ವಲ್ಪ ಮೇಲಕ್ಕೆ ಹೋಗುತ್ತಾರೆ. ಅಲ್ಲಿ ನೀರಿನ ಎದುರು ಹೋಗಲು ಕಷ್ಟ ಕಡಿಮೆ. ಆಮೇಲೆ ನಡುಹೊಳೆಗೆ ಬಿಟ್ಟರೆ, ನೀರು ಕೆಳಕ್ಕೆ ಒಯ್ಯುವಷ್ಟರಲ್ಲಿ ಎದುರಿನ ಕಡವು ಬಂದಿರುತ್ತದೆ. ಸೈನ್ ಕೋನ ಹಿಡಿದು ಜೋರು ನೀರಿನಲ್ಲಿ ಸೆಣಸುವುದಕ್ಕಿಂತ ಇದು ಎಷ್ಟೋ ಜಾಣತನ.

ಅಳಿವೆಯ ಹತ್ತಿರ ಇನ್ನೊಂದು ಸಂಗತಿ ಇದೆ. ಕಡಲಿನಲ್ಲಿ ಉಬ್ಬರ ಬಂದಾಗ, ಮಳೆ ಕಡಿಮೆ ಇರುವ ತಿಂಗಳುಗಳಲ್ಲಿ, ನೀರು ಹಿಂದಕ್ಕೆ ಒಳನಾಡಿನ ಕಡೆಗೆ ಹರಿಯುವುದುಂಟು. ಆಗ ನೀರು–ನೆಲ ವೇಗದ ದಿಕ್ಕೇ ಉಲ್ಟಾ. ಬೆಳಿಗ್ಗೆ ಸರಿಯಾಗಿದ್ದ ಕೋನ ಸಂಜೆಗೆ ಸರಿಯಾಗದು.

## ಮಳೆ ಓರೆಯಾಗುವುದು ಹೇಗೆ

ಈಗ ಹೊಳೆ ಬಿಟ್ಟು ರಸ್ತೆಗೆ ಬನ್ನಿ. ಗಾಳಿ ಇಲ್ಲ, ಮಳೆ ನೆಟ್ಟಗೆ ಸುರಿಯುತ್ತಿದೆ. ಕುಂಬಳೆಯಿಂದ ಮಂಜೇಶ್ವರದ ಕಡೆಗೆ ನೀವು ಸ್ಕೂಟರಿನಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 10 ಮೀಟರ್, ಹೋಗುತ್ತಿದ್ದೀರಿ. ನಿಲ್ಲಿಸಿದಾಗ ಮಳೆ ಹೆಲ್ಮೆಟಿನ ನೆತ್ತಿಗೆ ಬೀಳುತ್ತದೆ. ಹೊರಟಾಗ ಮುಖಕ್ಕೇ ರಾಚುತ್ತದೆ. ಮಳೆ ಬದಲಾಗಿಲ್ಲ. ನೋಡುವವರು ಬದಲಾಗಿದ್ದಾರೆ.

ಹೆಸರು ಬರೆಯೋಣ. ನಮಗೆ ಬೇಕಾದದ್ದು ಮಳೆ–ಸ್ಕೂಟರ್. ಗೊತ್ತಿರುವುದು ಮಳೆ–ನೆಲ ಮತ್ತು ಸ್ಕೂಟರ್–ನೆಲ. ಎರಡನೆಯದನ್ನು ತಿರುಗಿಸಿ ನೆಲ–ಸ್ಕೂಟರ್ ಮಾಡಿಕೊಂಡರೆ ಮಳೆ–ನೆಲ, ನೆಲ–ಸ್ಕೂಟರ್ ಕೂಡಿಸಬಹುದು, ನಡುವಿನ "ನೆಲ" ಮಾಯ. ಪುಸ್ತಕದಲ್ಲಿ "ಮಳೆಯ ವೇಗದಿಂದ ವಾಹನದ ವೇಗ ಕಳೆಯಿರಿ" ಅನ್ನುವುದು ಇದನ್ನೇ. ಸ್ಕೂಟರಿನಲ್ಲಿ ಕೂತವರಿಗೆ ರಸ್ತೆ, ಮರ, ಕರೆಂಟಿನ ಕಂಬ ಎಲ್ಲವೂ ಸೆಕೆಂಡಿಗೆ 10 ಮೀಟರಿನಂತೆ ಹಿಂದಕ್ಕೆ ಓಡುತ್ತವೆ. ಮಳೆಯ ಹನಿಯೂ ಅಷ್ಟೇ, ಕೆಳಗೆ ಬೀಳುತ್ತಲೇ ಹಿಂದಕ್ಕೂ ಓಡುತ್ತದೆ. ಅದಕ್ಕೇ ಮುಂದಿನಿಂದ ಓರೆಯಾಗಿ ಬಂದಂತೆ ಅನಿಸುವುದು.

ಮಳೆ ಎಷ್ಟು ವೇಗದಲ್ಲಿ ಬೀಳುತ್ತದೆ? ಲೆಕ್ಕಗಳಲ್ಲಿ ಸೆಕೆಂಡಿಗೆ 30, 35 ಮೀಟರ್ ಬೀಳುವ ಮಳೆ ಬರುವುದುಂಟು. ನಿಜವಾದ ಹನಿ ಅಷ್ಟು ಜೋರಾಗಿ ಬೀಳುವುದಿಲ್ಲ. ಗಾಳಿಯ ತಡೆಯಿಂದಾಗಿ ಹನಿಯ ವೇಗ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಎರಡೂವರೆ ಮಿಲಿಮೀಟರ್ ಅಗಲದ ಹನಿ ಸೆಕೆಂಡಿಗೆ ಸುಮಾರು 7.5 ಮೀಟರ್. ತೀರಾ ದೊಡ್ಡ ಹನಿಯೂ 9ರ ಹತ್ತಿರ ನಿಲ್ಲುತ್ತದೆ. ಅರ್ಧ ಮಿಲಿಮೀಟರಿನ ತುಂತುರು ಹನಿಗೆ 2 ಮೀಟರ್ ಮಾತ್ರ.

ದಪ್ಪ ಹನಿಯನ್ನು ತೆಗೆದುಕೊಳ್ಳಿ. ಕೆಳಗೆ 7.5, ಹಿಂದಕ್ಕೆ 10. ಎರಡೂ ಲಂಬಕೋನದ ಬದಿಗಳು. ವಿಕರ್ಣ 12.5. ಹನಿ ಮುಖಕ್ಕೆ ಬಡಿಯುವ ವೇಗ ಅದು, ನಿಂತಾಗಿನ 7.5 ಅಲ್ಲ. ಮಳೆಯಲ್ಲಿ ಸ್ಕೂಟರ್ ಓಡಿಸಿದರೆ ಮುಖ ಚುರುಗುಟ್ಟುವುದು ಸುಮ್ನೆ ಅಲ್ಲ. ಕೋನಕ್ಕೆ 10 ಭಾಗಿಸು 7.5, ಇದು ಟ್ಯಾನ್, ನೆಟ್ಟಗಿನ ಗೆರೆಯಿಂದ 53 ಡಿಗ್ರಿ ಮುಂದಕ್ಕೆ.

ತುಂತುರು ಹನಿಗೆ ಅದೇ ಲೆಕ್ಕ ಹಾಕಿ. 10 ಭಾಗಿಸು 2, ಅಂದರೆ 5. ಕೋನ 79 ಡಿಗ್ರಿ. ಹೆಚ್ಚುಕಮ್ಮಿ ಅಡ್ಡಡ್ಡ. ಜೋರು ಮಳೆಗಿಂತ ಜಿಟಿಜಿಟಿ ಮಳೆಯಲ್ಲೇ ಹೆಲ್ಮೆಟಿನ ಗಾಜು ಬೇಗ ಮಸುಕಾಗುತ್ತದೆ ಎಂದು ದಿನಾ ಓಡಾಡುವವರು ಹೇಳುವುದರಲ್ಲಿ ಈ ಕೋನದ ಪಾಲೂ ಇದೆ.

ಬಸ್ಸಿನ ಪಕ್ಕದ ಗಾಜಿನ ಮೇಲೆ ಮೂಡುವ ಓರೆಗೆರೆಗಳನ್ನು ಅಳೆದು ಈ ಕೋನ ಕಂಡುಹಿಡಿಯಲು ಹೋದರೆ ಮಾತ್ರ ಲೆಕ್ಕ ತಪ್ಪುತ್ತದೆ. ಗಾಜಿಗೆ ಅಂಟಿದ ಹನಿಯನ್ನು ಬಸ್ಸಿನ ಪಕ್ಕದಲ್ಲಿ ಹರಿಯುವ ಗಾಳಿ ಹಿಂದಕ್ಕೆ ಎಳೆಯುತ್ತದೆ, ಗಾಜು ತಡೆಯುತ್ತದೆ. ಗಾಜಿನಾಚೆ, ಬೀಳುತ್ತಿರುವ ಹನಿಯನ್ನು ನೋಡಬೇಕು.

## ಹಾಗಾದರೆ ಸೈನೋ ಟ್ಯಾನೋ?

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಳೆಯಲ್ಲಿ ಗೊತ್ತಿದ್ದ ಎರಡು ವೇಗಗಳು, ಮಳೆ–ನೆಲ ಮತ್ತು ಸ್ಕೂಟರ್–ನೆಲ, ಒಂದಕ್ಕೊಂದು ಲಂಬ. ಹುಡುಕುತ್ತಿದ್ದದ್ದು ವಿಕರ್ಣವನ್ನು. ಅದಕ್ಕೆ ಟ್ಯಾನ್. ನೇರ ಮುಖ ಮಾಡಿ ಹೊರಟ ದೋಣಿಯೂ ಹಾಗೆಯೇ, ಅದಕ್ಕೂ ಟ್ಯಾನ್. ಎದುರಿನ ಕಡವಿಗೇ ಹೋಗಬೇಕೆಂದು ಹಠ ಹಿಡಿದ ದೋಣಿಯಲ್ಲಿ ದೋಣಿ–ನೆಲ ವೇಗದ ದಿಕ್ಕನ್ನು ನಾವೇ ಗೊತ್ತು ಮಾಡಿಟ್ಟೆವು, ಗೊತ್ತಿದ್ದ 1.5 ವಿಕರ್ಣಕ್ಕೆ ಹೋಯಿತು. ಅದಕ್ಕೆ ಸೈನ್.

ಹಾಗಾಗಿ ಕೇಳಿಕೊಳ್ಳಬೇಕಾದ್ದು "ಇದು ದೋಣಿಯಾ, ಮಳೆಯಾ" ಅಂತ ಅಲ್ಲ. "ಲಂಬಕೋನ ಯಾವ ಎರಡು ವೇಗಗಳ ನಡುವೆ ಇದೆ" ಅಂತ. ಚಿತ್ರ ಬರೆಯದೆ ಇದಕ್ಕೆ ಉತ್ತರ ಹೇಳಲು ಹೋಗಬೇಡಿ.

## ಗಾಳಿಯೂ ಸೇರಿದರೆ

ನಮ್ಮ ಕಡೆ ಮಳೆಗಾಲದಲ್ಲಿ ಗಾಳಿ ಇಲ್ಲದ ಮಳೆ ಸಿಗುವುದು ಅಪರೂಪ. ಗಾಳಿ ಬೀಸಿದಾಗ ಹನಿ ಅದರ ಜೊತೆಗೇ ಅಡ್ಡಕ್ಕೂ ಸಾಗುತ್ತದೆ. ದಕ್ಷಿಣದಿಂದ ಉತ್ತರಕ್ಕೆ ಸೆಕೆಂಡಿಗೆ 4 ಮೀಟರ್ ಗಾಳಿ ಇದೆ ಎಂದಿಟ್ಟುಕೊಳ್ಳಿ. ಮಂಜೇಶ್ವರದ ಕಡೆಗೆ ಹೋಗುವಾಗ ಅದು ಬೆನ್ನ ಹಿಂದಿನ ಗಾಳಿ. ಹನಿಯೂ ನಿಮ್ಮ ದಿಕ್ಕಿಗೇ 4 ಓಡುತ್ತಿದೆ. ನೀವು 10. ಹಾಗಾಗಿ ನಿಮಗೆ ಅದು ಹಿಂದಕ್ಕೆ ಓಡುವಂತೆ ಕಾಣುವುದು 6 ಮಾತ್ರ. 6 ಭಾಗಿಸು 7.5, ಕೋನ 39 ಡಿಗ್ರಿ. ವಾಪಸ್ ಬರುವಾಗ ಗಾಳಿ ಎದುರು. 10 ಮತ್ತು 4 ಸೇರಿ 14. ಕೋನ 62 ಡಿಗ್ರಿ. ಅದೇ ಮಳೆ, ಅದೇ ಸ್ಕೂಟರ್, ಅದೇ ವೇಗ. ಹೋಗುವಾಗ ಎದೆ ಒದ್ದೆ ಆದದ್ದಕ್ಕಿಂತ ಬರುವಾಗ ಆದದ್ದು ಜಾಸ್ತಿ.

ಈ ಲೆಕ್ಕವನ್ನು ಹಿಂದಿನಿಂದಲೂ ಮಾಡಬಹುದು, ಪರೀಕ್ಷೆಯಲ್ಲಿ ಕೇಳುವುದೂ ಇದನ್ನು. ಒಬ್ಬರು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹೋಗುವಾಗ ಮಳೆ ನೆಟ್ಟಗೆ ಬೀಳುವಂತೆ ಕಾಣುತ್ತದೆ. 10 ಮೀಟರಿಗೆ ಏರಿಸಿದಾಗ ಮುಂದಿನಿಂದ 45 ಡಿಗ್ರಿ ಓರೆಯಾಗಿ ಕಾಣುತ್ತದೆ. ನಿಜವಾದ ಮಳೆ ಹೇಗಿದೆ?

ಮೊದಲ ಮಾತೇ ಅರ್ಧ ಉತ್ತರ. ನೆಟ್ಟಗೆ ಕಂಡಿತು ಅಂದರೆ ಹನಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ಸವಾರನ ಜೊತೆಜೊತೆಗೇ ಸಾಗುತ್ತಿದೆ. ಹಾಗಾಗಿ ಹನಿಗೆ ಮುಂದಕ್ಕೆ 4 ಇದೆ. ಎರಡನೆಯ ಸಲ ಸವಾರನಿಗೆ ಹನಿ ಹಿಂದಕ್ಕೆ ಓಡುವುದು 10ರಲ್ಲಿ 4 ಕಳೆದು 6. ಕೋನ 45, ಅದರ ಟ್ಯಾನ್ 1. ಹಾಗಾದರೆ ಕೆಳಗೆ ಬೀಳುವ ವೇಗವೂ 6. ನೆಲದಲ್ಲಿ ನಿಂತವರಿಗೆ ಹನಿ ಮುಂದಕ್ಕೆ 4, ಕೆಳಗೆ 6. ಒಟ್ಟು ವೇಗ ಸುಮಾರು 7.2. ಓರೆ 4 ಭಾಗಿಸು 6, ಅಂದರೆ ಸುಮಾರು 34 ಡಿಗ್ರಿ. ಸವಾರ ಗಾಡಿ ನಿಲ್ಲಿಸಿದರೆ ಮಳೆ ಬೀಳುವುದು ಮುಖಕ್ಕಲ್ಲ, ಬೆನ್ನಿಗೆ.

ಉತ್ತರ ಸರಿಯೋ ಎಂದು ನೋಡಲು ಇನ್ನೊಂದು ವೇಗ ಹಾಕಿ ಪರೀಕ್ಷಿಸಬಹುದು. 4ಕ್ಕಿಂತ ಕಡಿಮೆ, ಸೆಕೆಂಡಿಗೆ 1 ಮೀಟರಿನಂತೆ ನಡೆದುಕೊಂಡು ಹೋದರೆ ಹನಿ ಇನ್ನೂ 3 ಮೀಟರ್ ಮುಂದಕ್ಕೆ ಓಡುತ್ತಿರುತ್ತದೆ. 3 ಭಾಗಿಸು 6, ಕೋನ ಸುಮಾರು 27 ಡಿಗ್ರಿ, ಹಿಂದಿನಿಂದ. ಕೊಡೆಯನ್ನು ಹಿಂದಕ್ಕೆ ವಾಲಿಸಿ ಹಿಡಿಯಬೇಕು.